ಒಂಬತ್ತು–ಆರರ ಲೆಕ್ಕ

ಲಾಸ್ ವೇಗಾಸ್ ಇರುವ ನೆವಾಡಾ ರಾಜ್ಯದ ನಿಯಮದಂತೆ ವಿಡಿಯೊ ಪೋಕರ್ ಯಂತ್ರ 52 ಎಲೆಗಳ ನಿಜವಾದ ಕಟ್ಟಿನಂತೆಯೇ ಎಲೆ ಹಂಚಬೇಕು. ಎಲೆ ಬೀಳುವ ಸಂಭವ ಬದಲಾಗದ್ದರಿಂದ ಕ್ಯಾಸಿನೊ ತನ್ನ ಲಾಭ ಹೆಚ್ಚಿಸಿಕೊಳ್ಳುವುದು ಬಹುಮಾನದ ಪಟ್ಟಿಯನ್ನು ತಿದ್ದಿ. ಆ ಪಟ್ಟಿ ಪರದೆಯ ಮೇಲೇ ಇರುತ್ತದೆ. ಓದುವವರು ಮಾತ್ರ ಕಡಿಮೆ.

‘ಜ್ಯಾಕ್ಸ್ ಆರ್ ಬೆಟರ್’ ಆಟದಲ್ಲಿ ಗುಲಾಮ ಅಥವಾ ಅದಕ್ಕಿಂತ ದೊಡ್ಡ ಎಲೆಯ ಜೋಡಿ ಬಂದರೆ ಹೂಡಿದ ಹಣ ವಾಪಸು. ಇಲ್ಲಿ ನೋಡಬೇಕಾದದ್ದು ಎರಡೇ ಸಾಲು. ಒಂದು ನಾಣ್ಯದ ಕಂಬಸಾಲಿನಲ್ಲಿ ಫುಲ್ ಹೌಸ್‌ಗೆ 9, ಫ್ಲಷ್‌ಗೆ 6 ಇದ್ದರೆ ಅದು ‘ಫುಲ್ ಪೇ’ ಯಂತ್ರ. ಐದು ನಾಣ್ಯದ ಕಂಬಸಾಲಿನಲ್ಲಿ ಇವೇ 45 ಮತ್ತು 30 ಆಗಿರುತ್ತವೆ. ಪಕ್ಕದ ಯಂತ್ರ ನೋಡಲು ಹಾಗೆಯೇ ಇದ್ದು, 8 ಮತ್ತು 5 ಕೊಡುತ್ತಿರಬಹುದು.

ಒಂದೊಂದು ಅಂಕಿ ಇಳಿದರೆ ಏನು ಮಹಾ ಎನಿಸಬಹುದು. ಆದರೆ ಈ ಎರಡೂ ಕೈಗಳು ತಲಾ ಸುಮಾರು ತೊಂಬತ್ತು ಆಟಕ್ಕೊಮ್ಮೆ ಬರುತ್ತವೆ. ಹಾಗಾಗಿ ಒಂದು ಅಂಕಿ ಕಡಿತವಾದರೆ ಶೇ 1.1ರಷ್ಟು ಖೋತಾ. ತಪ್ಪಿಲ್ಲದೆ ಆಡಿದರೆ 9–6 ಯಂತ್ರ ದೀರ್ಘಾವಧಿಯಲ್ಲಿ ಶೇ 99.54 ಮರಳಿಸುತ್ತದೆ, 8–5 ಯಂತ್ರ ಶೇ 97.30.

ಕಾಲು ಡಾಲರಿನ ಐದು ನಾಣ್ಯ ಹೂಡಿ ಗಂಟೆಗೆ 600 ಆಟ ಆಡಿದರೆ 750 ಡಾಲರ್ ಪಣಕ್ಕೆ ಬೀಳುತ್ತದೆ. ಮೊದಲ ಯಂತ್ರದಲ್ಲಿ ಸರಾಸರಿ ನಷ್ಟ ಸುಮಾರು ಮೂರೂವರೆ ಡಾಲರ್, ಎರಡನೆಯದರಲ್ಲಿ ಇಪ್ಪತ್ತು. ಇದು ಸರಾಸರಿ ಅಷ್ಟೇ; ಒಂದು ಸಂಜೆಯ ಫಲ ಹೇಗೂ ಇರಬಹುದು. ಈ ಶೇಕಡಾವಾರುಗಳಿಗೆ ಐದು ನಾಣ್ಯ ಹೂಡಲೇಬೇಕು: ಸುಮಾರು 40,000 ಆಟಕ್ಕೊಮ್ಮೆ ಬರುವ ರಾಯಲ್ ಫ್ಲಷ್‌ಗೆ ನಾಲ್ಕು ನಾಣ್ಯದಲ್ಲಿ 1,000, ಐದರಲ್ಲಿ 4,000 ನಾಣ್ಯ ಸಿಗುತ್ತದೆ.