ತನ್ನವರಿಗೇ ಮಾರಿದರೆ ಲಾಭವೆಷ್ಟು?

ಒಂದು ಕಂಪನಿ ತನ್ನದೇ ಅಂಗಸಂಸ್ಥೆಗೆ ಸರಕು ಮಾರುತ್ತದೆ. ಬಿಲ್ ಆಗುತ್ತದೆ, ಲಾರಿ ಹೊರಡುತ್ತದೆ, ಜಿಎಸ್‌ಟಿ ಕಟ್ಟಲಾಗುತ್ತದೆ, ಹಣವೂ ಬ್ಯಾಂಕಿಗೆ ಬರುತ್ತದೆ. ಕಾನೂನಿನ ಕಣ್ಣಿನಲ್ಲಿ ಎರಡೂ ಬೇರೆ ಬೇರೆ ಕಂಪನಿಗಳು, ಆದ್ದರಿಂದ ಈ ಮಾರಾಟ ಪೂರ್ತಿ ನಿಜ. ಆದರೆ ಎರಡನ್ನೂ ಸೇರಿಸಿ ಒಂದೇ ಸಮೂಹವೆಂದು ನೋಡಿದರೆ ಸರಕು ಎಲ್ಲಿಗೂ ಹೋಗಿಲ್ಲ, ಒಂದು ಗೋದಾಮಿನಿಂದ ಇನ್ನೊಂದು ಗೋದಾಮಿಗೆ ಸರಿದಿದೆ ಅಷ್ಟೆ. ಹಾಗಿದ್ದರೆ ಬಿಲ್ಲಿನಲ್ಲಿ ಕಂಡ ಲಾಭ ಎಲ್ಲಿಂದ ಬಂತು?

ಷೇರುಪೇಟೆಯಲ್ಲಿ ಹಣ ಹಾಕುವವರು ಕಂಪನಿಯ ವಾರ್ಷಿಕ ವರದಿ ತೆರೆದರೆ ಎರಡು ಬಗೆಯ ಲೆಕ್ಕಪತ್ರ ಕಾಣುತ್ತದೆ. ಮೊದಲನೆಯದು ಆ ಕಂಪನಿಯೊಂದರದ್ದೇ ಪ್ರತ್ಯೇಕ ಲೆಕ್ಕ. ಎರಡನೆಯದು ಅಂಗಸಂಸ್ಥೆಗಳನ್ನೂ ಸೇರಿಸಿಕೊಂಡ ಕ್ರೋಡೀಕೃತ ಲೆಕ್ಕ. ಅಂಗಸಂಸ್ಥೆ ಇರುವ ಕಂಪನಿ ಇದನ್ನೂ ತಯಾರಿಸಬೇಕೆಂದು 2013ರ ಕಂಪನಿ ಕಾಯ್ದೆಯ 129ನೇ ಕಲಂ ಹೇಳುತ್ತದೆ. ಇದನ್ನು ಸಿದ್ಧಪಡಿಸುವಾಗ ಎರಡು ಕಂಪನಿಗಳ ಅಂಕಿಗಳನ್ನು ಕೂಡಿಬಿಟ್ಟರೆ ಸಾಲದು. ತಮ್ಮತಮ್ಮೊಳಗಿನ ವ್ಯಾಪಾರವನ್ನು ತೆಗೆದುಹಾಕಬೇಕು. ಅದರಲ್ಲೂ ಮಾರಾಟವಾಗದೆ ಉಳಿದ ದಾಸ್ತಾನಿನೊಳಗೆ ಅಡಗಿ ಕುಳಿತ ಲಾಭವನ್ನು ಪೂರ್ತಿಯಾಗಿ ತೆಗೆಯಬೇಕೆಂಬುದು ‘ಇಂಡ್ ಎಎಸ್ 110’ ಎಂಬ ಲೆಕ್ಕಪತ್ರ ಮಾನದಂಡದ ನಿಯಮ.

ಕಾಫಿ ಪುಡಿಯ ಲೆಕ್ಕ

ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿ ತಯಾರಿಸುವ ಒಂದು ಕಂಪನಿ ಇದೆ ಎಂದುಕೊಳ್ಳೋಣ. ಬೆಂಗಳೂರಿನಲ್ಲಿ ಅಂಗಡಿಗಳನ್ನು ನಡೆಸುವ ಇನ್ನೊಂದು ಕಂಪನಿಯ ಶೇ 80ರಷ್ಟು ಷೇರು ಇದರ ಕೈಯಲ್ಲಿದೆ. ಪುಡಿ ತಯಾರಿಸಲು ಕಿಲೋಗೆ 400 ರೂಪಾಯಿ ವೆಚ್ಚ. ಮಾತೃಸಂಸ್ಥೆ ಅದನ್ನು ಕಿಲೋಗೆ 500 ರೂಪಾಯಿಯಂತೆ ಅಂಗಸಂಸ್ಥೆಗೆ ಮಾರುತ್ತದೆ. ವರ್ಷದಲ್ಲಿ ಹೀಗೆ ಹೋದದ್ದು 20,000 ಕಿಲೋ. ಅಂಗಸಂಸ್ಥೆ ಅದರಲ್ಲಿ 14,000 ಕಿಲೋವನ್ನು ಗಿರಾಕಿಗಳಿಗೆ 650 ರೂಪಾಯಿಯಂತೆ ಮಾರಿತು. ಮಾರ್ಚ್ 31ರ ರಾತ್ರಿ ಗೋದಾಮಿನಲ್ಲಿ 6,000 ಕಿಲೋ ಉಳಿದಿದೆ.

ಮಾತೃಸಂಸ್ಥೆಯ ಪುಸ್ತಕದಲ್ಲಿ 1 ಕೋಟಿ ರೂಪಾಯಿ ಮಾರಾಟ, 80 ಲಕ್ಷ ವೆಚ್ಚ, 20 ಲಕ್ಷ ಲಾಭ. ಅಂಗಸಂಸ್ಥೆಯ ಪುಸ್ತಕದಲ್ಲಿ 91 ಲಕ್ಷ ಮಾರಾಟ, 70 ಲಕ್ಷ ವೆಚ್ಚ, 21 ಲಕ್ಷ ಲಾಭ. ಸುಮ್ಮನೆ ಕೂಡಿದರೆ ಮಾರಾಟ 1.91 ಕೋಟಿ, ಲಾಭ 41 ಲಕ್ಷ.

ಈಗ ಗಿರಾಕಿಯ ಕಡೆಯಿಂದ ನೋಡಿ. ಹೊರಗಿನವರು ಕೊಂಡದ್ದು 14,000 ಕಿಲೋ ಮಾತ್ರ, ಕೊಟ್ಟದ್ದು 91 ಲಕ್ಷ. ಅಷ್ಟು ಪುಡಿಗೆ ಸಮೂಹ ನಿಜವಾಗಿ ಹಾಕಿದ ವೆಚ್ಚ ಕಿಲೋಗೆ 400ರಂತೆ 56 ಲಕ್ಷ. ಹಾಗಾಗಿ ಸಮೂಹದ ಲಾಭ 35 ಲಕ್ಷ. ಕೂಡಿಸಿದಾಗ ಬಂದದ್ದಕ್ಕಿಂತ 6 ಲಕ್ಷ ಕಡಿಮೆ.

ಆ 6 ಲಕ್ಷ ಗೋದಾಮಿನಲ್ಲಿದೆ. ಉಳಿದ 6,000 ಕಿಲೋವನ್ನು ಅಂಗಸಂಸ್ಥೆ ತಾನು ಕೊಟ್ಟ 500 ರೂಪಾಯಿ ದರದಲ್ಲಿ, ಅಂದರೆ 30 ಲಕ್ಷವೆಂದು ತೋರಿಸಿದೆ. ಸಮೂಹಕ್ಕೆ ಅದರ ವೆಚ್ಚ 24 ಲಕ್ಷ ಮಾತ್ರ. ಪ್ರತಿ ಕಿಲೋದ ಮೇಲೂ 100 ರೂಪಾಯಿ ಮಾತೃಸಂಸ್ಥೆಯ ಲಾಭ ಕುಳಿತಿದೆ. ಹೊರಗಿನವರು ಇನ್ನೂ ಕೊಳ್ಳದ ಸರಕಿನ ಮೇಲಿನ ಈ ಲಾಭ ಕೈಸೇರದ ಲಾಭ.

ತೆಗೆಯುವುದು ಹೇಗೆ?

ಕ್ರೋಡೀಕರಣದ ಹಾಳೆಯಲ್ಲಿ ಮಾರಾಟವನ್ನು 1 ಕೋಟಿಯಷ್ಟು ಡೆಬಿಟ್ ಮಾಡಿ, ಮಾರಿದ ಸರಕಿನ ವೆಚ್ಚವನ್ನು 94 ಲಕ್ಷ, ದಾಸ್ತಾನನ್ನು 6 ಲಕ್ಷದಷ್ಟು ಕ್ರೆಡಿಟ್ ಮಾಡುತ್ತಾರೆ. ಮಾರಾಟ 91 ಲಕ್ಷಕ್ಕೆ ಇಳಿಯಿತು. ಎರಡೂ ಕಂಪನಿಗಳ ಒಟ್ಟು ವೆಚ್ಚವಾಗಿದ್ದ 1.50 ಕೋಟಿ 56 ಲಕ್ಷವಾಯಿತು. ದಾಸ್ತಾನು 24 ಲಕ್ಷಕ್ಕೆ ಬಂತು. ಒಂದೇ ನಮೂದಿನಲ್ಲಿ ಮೂರೂ ಅಂಕಿ ಸರಿಹೋದವು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪೊಂದಿದೆ. ಮಾತೃಸಂಸ್ಥೆ ವೆಚ್ಚದ ಮೇಲೆ ಶೇ 25 ಲಾಭ ಇಟ್ಟು ಮಾರುತ್ತದೆ ಎಂಬ ಮಾಹಿತಿ ಹಿಡಿದುಕೊಂಡು, ಉಳಿದ 30 ಲಕ್ಷದ ಶೇ 25 ಎಂದು 7.5 ಲಕ್ಷ ತೆಗೆದುಬಿಡುವುದು. ಆದರೆ 30 ಲಕ್ಷ ಎನ್ನುವುದು ವೆಚ್ಚವಲ್ಲ, ಮಾರಾಟದ ಬೆಲೆ. 400ರ ಮೇಲೆ 100 ಶೇ 25 ಆದರೂ 500ರಲ್ಲಿ 100 ಶೇ 20 ಮಾತ್ರ. ತಪ್ಪನ್ನು ಹಿಡಿಯುವುದು ಸುಲಭ. ಲಾಭ ತೆಗೆದ ಮೇಲೆ ಉಳಿದ ಮೊತ್ತವನ್ನು ಕಿಲೋಗೆ ಹಂಚಿ ನೋಡಬೇಕು. 22.5 ಲಕ್ಷವನ್ನು 6,000 ಕಿಲೋಗೆ ಹಂಚಿದರೆ 375 ರೂಪಾಯಿ ಬರುತ್ತದೆ. ತಯಾರಿಸಲು 400 ತಗುಲಿದ ಪುಡಿ 375ಕ್ಕೆ ದಾಸ್ತಾನಿನಲ್ಲಿ ಕೂತಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ತೆರಿಗೆಯದು ಇನ್ನೊಂದು ಎಳೆ. ಆದಾಯ ತೆರಿಗೆ ಇಲಾಖೆ ಸಮೂಹವನ್ನು ನೋಡುವುದಿಲ್ಲ, ಒಂದೊಂದು ಕಂಪನಿಯನ್ನೂ ಪ್ರತ್ಯೇಕವಾಗಿ ನೋಡುತ್ತದೆ. ಮಾತೃಸಂಸ್ಥೆ ತನ್ನ 20 ಲಕ್ಷಕ್ಕೂ ತೆರಿಗೆ ಕಟ್ಟಿರುತ್ತದೆ. ಸಮೂಹದ ಲೆಕ್ಕದಲ್ಲಿ ಅದರ 6 ಲಕ್ಷ ಇನ್ನೂ ಲಾಭವೇ ಆಗಿಲ್ಲ. ಆದ್ದರಿಂದ ಆ ಭಾಗದ ತೆರಿಗೆಯನ್ನು ಮುಂದೂಡಿದ ತೆರಿಗೆ ಆಸ್ತಿಯೆಂದು ತೋರಿಸುತ್ತಾರೆ. ಇದಕ್ಕೆ ಸರಕನ್ನು ಇಟ್ಟುಕೊಂಡಿರುವ, ಅಂದರೆ ಕೊಂಡ ಕಂಪನಿಯ ತೆರಿಗೆ ದರ ಹಿಡಿಯುವುದು ರೂಢಿ.

ಮುಂದಿನ ವರ್ಷ

ಏಪ್ರಿಲ್‌ನಲ್ಲಿ ಆ 6,000 ಕಿಲೋ ಗಿರಾಕಿಗಳ ಕೈ ಸೇರಿತು ಎನ್ನಿ. ಅಂಗಸಂಸ್ಥೆ ತನ್ನ ಪುಸ್ತಕದಲ್ಲಿ ಅದರ ವೆಚ್ಚವನ್ನು 30 ಲಕ್ಷವೆಂದೇ ಬರೆಯುತ್ತದೆ, ಏಕೆಂದರೆ ಹಿಂದಿನ ಮಾರ್ಚ್‌ನಲ್ಲಿ ಮಾಡಿದ ಹೊಂದಾಣಿಕೆ ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲ. ಅದು ಕ್ರೋಡೀಕರಣದ ಹಾಳೆಯಲ್ಲಿ ಮಾತ್ರ ಇತ್ತು. ಸಮೂಹದ ವೆಚ್ಚ 24 ಲಕ್ಷ ಆಗಬೇಕಾದರೆ ಈ ವರ್ಷದ ಹಾಳೆಯಲ್ಲಿ ಆರಂಭದ ಸಂಚಿತ ಲಾಭವನ್ನು 6 ಲಕ್ಷ ಡೆಬಿಟ್ ಮಾಡಿ, ಮಾರಿದ ಸರಕಿನ ವೆಚ್ಚವನ್ನು ಅಷ್ಟೇ ಕ್ರೆಡಿಟ್ ಮಾಡಬೇಕು. ಹಿಂದಿನ ವರ್ಷ ತಡೆದಿಟ್ಟ ಲಾಭ ಈ ವರ್ಷ ಬಿಡುಗಡೆಯಾಗುತ್ತದೆ. ಇದನ್ನು ಮರೆತರೆ ಈ ವರ್ಷದ ಲಾಭ 6 ಲಕ್ಷ ಕಡಿಮೆಯಾಗುತ್ತದೆ. ಜೊತೆಗೆ ಹಿಂದಿನ ವರ್ಷದ ಕೊನೆಯ ಸಂಚಿತ ಲಾಭಕ್ಕೂ ಈ ವರ್ಷದ ಆರಂಭದ ಸಂಚಿತ ಲಾಭಕ್ಕೂ ತಾಳೆಯಾಗುವುದಿಲ್ಲ. ಆಡಿಟರ್ ಮೊದಲು ಹುಡುಕುವುದು ಈ ವ್ಯತ್ಯಾಸವನ್ನೇ.

ಮಾರಾಟದ ದಿಕ್ಕು ತಿರುಗಿದರೆ ಒಂದು ಅಂಶ ಬದಲಾಗುತ್ತದೆ. ಮಾತೃಸಂಸ್ಥೆ ಮಾರಿದಾಗ ತೆಗೆದ 6 ಲಕ್ಷದ ಹೊರೆಯೆಲ್ಲ ಅದರ ಷೇರುದಾರರ ಮೇಲೆಯೇ ಬೀಳುತ್ತದೆ. ಅಂಗಸಂಸ್ಥೆಯೇ ಮಾತೃಸಂಸ್ಥೆಗೆ ಮಾರಿದ್ದರೆ ಆ ಲಾಭ ಅಂಗಸಂಸ್ಥೆಯ ಪುಸ್ತಕದಲ್ಲಿರುತ್ತಿತ್ತು. ಆಗಲೂ ತೆಗೆಯಬೇಕಾದದ್ದು ಪೂರ್ತಿ 6 ಲಕ್ಷವೇ. ಆದರೆ ಅಂಗಸಂಸ್ಥೆಯಲ್ಲಿ ಶೇ 20 ಪಾಲಿರುವ ಹೊರಗಿನ ಷೇರುದಾರರು 1.2 ಲಕ್ಷ ಹೊರುತ್ತಾರೆ, ಉಳಿದ 4.8 ಲಕ್ಷ ಮಾತೃಸಂಸ್ಥೆಯವರದು.

ವರ್ಷಾಂತ್ಯದಲ್ಲಿ ಮಾರಾಟದ ಗುರಿ ಮುಟ್ಟಲು ಅಂಗಸಂಸ್ಥೆಯ ಗೋದಾಮಿಗೆ ಸರಕು ತುಂಬಿದರೆ ಪ್ರತ್ಯೇಕ ಲೆಕ್ಕದಲ್ಲಿ ಮಾರಾಟವೂ ಲಾಭವೂ ಚೆನ್ನಾಗಿಯೇ ಕಾಣುತ್ತವೆ. ಕ್ರೋಡೀಕೃತ ಲೆಕ್ಕದಲ್ಲಿ ಆ ಲಾಭ ಉಳಿಯುವುದಿಲ್ಲ, ದಾಸ್ತಾನು ಮಾತ್ರ ಬೆಳೆದಿರುತ್ತದೆ. ಆದ್ದರಿಂದ ಷೇರು ಕೊಳ್ಳುವ ಮುನ್ನ ವಾರ್ಷಿಕ ವರದಿಯಲ್ಲಿ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಂಬಂಧಿತ ಪಕ್ಷಗಳ ವಹಿವಾಟಿನ ಟಿಪ್ಪಣಿಯಲ್ಲಿ ಅಂಗಸಂಸ್ಥೆಗೆ ಎಷ್ಟು ಮಾರಲಾಗಿದೆ ಎಂಬುದನ್ನೂ ಓದಿ. ಪ್ರತ್ಯೇಕ ಲೆಕ್ಕದ ಲಾಭ ಏರಿ, ಕ್ರೋಡೀಕೃತ ಲಾಭ ನಿಂತಲ್ಲೇ ನಿಂತು, ದಾಸ್ತಾನು ಬೆಳೆಯುತ್ತಾ ಹೋಗಿದ್ದರೆ, ಸರಕು ಗಿರಾಕಿಯ ಕೈ ಸೇರಿದೆಯೇ ಎಂದು ಕೇಳುವ ಹಕ್ಕು ಷೇರುದಾರರಾದ ನಿಮಗಿದೆ.