ಎಂಬತ್ತರ ದೋಸೆಗೆ ನೂರೈವತ್ತು

ಬೆಂಗಳೂರಿನ ಒಂದು ದರ್ಶಿನಿ. ಗಲ್ಲಾದ ಮೇಲಿನ ಬೋರ್ಡಿನಲ್ಲಿ ಮಸಾಲೆ ದೋಸೆಗೆ 80 ರೂಪಾಯಿ, ತೆರಿಗೆ ಸೇರಿ. ಎರಡು ದೋಸೆ ಪಾರ್ಸೆಲ್ ಕಟ್ಟಿಸಿಕೊಂಡರೆ ಡಬ್ಬಿಗೆ ತಲಾ 10 ಸೇರಿ 180 ಆಗುತ್ತದೆ. ಸಂಜೆ ಮಳೆ ಹಿಡಿದಾಗ ಅದೇ ದರ್ಶಿನಿಯ ಅದೇ ಎರಡು ದೋಸೆಯನ್ನು ಮನೆಯಲ್ಲೇ ಕೂತು ಆ್ಯಪಿನಲ್ಲಿ ತರಿಸಿದರೆ ಎಷ್ಟಾಗುತ್ತದೆ? ಲೆಕ್ಕಕ್ಕೆಂದು ಇಟ್ಟುಕೊಂಡ ಅಂಕಿಗಳಿವು. ಆದರೆ ಬಿಲ್ಲಿನ ಸಾಲುಗಳು ನಿಜವಾದ ಬಿಲ್ಲಿನವೇ.

ಆ್ಯಪಿನಲ್ಲಿ ಒಂದು ದೋಸೆಯ ಬೆಲೆ 104. ಎರಡಕ್ಕೆ 208, ಡಬ್ಬಿಗೆ 20, ಇವೆರಡರ ಮೇಲೆ ಶೇ 5ರ ಜಿಎಸ್‌ಟಿ 11 ರೂಪಾಯಿ 40 ಪೈಸೆ. ಡೆಲಿವರಿ ಶುಲ್ಕ 30, ಪ್ಲಾಟ್‌ಫಾರ್ಮ್ ಶುಲ್ಕ 12, ಮಳೆಯ ಶುಲ್ಕ 20. ಈ ಮೂರಕ್ಕೂ ಶೇ 18ರಂತೆ ಜಿಎಸ್‌ಟಿ ಸೇರಿ 73 ರೂಪಾಯಿ 16 ಪೈಸೆ. ಒಟ್ಟು 312 ರೂಪಾಯಿ 56 ಪೈಸೆ. ಪಾರ್ಸೆಲ್‌ಗಿಂತ 132 ರೂಪಾಯಿ ಹೆಚ್ಚು. ಒಂದು ದೋಸೆಗೆ 156ರಷ್ಟು ಬಿತ್ತು.

ಗ್ರಾಹಕರು ಸಾಮಾನ್ಯವಾಗಿ ಸಿಡುಕುವುದು ಪ್ಲಾಟ್‌ಫಾರ್ಮ್ ಶುಲ್ಕದ ಮೇಲೆ. ಅದಕ್ಕೆ ಕಾರಣವೂ ಇದೆ. 2023ರಲ್ಲಿ ಸ್ವಿಗ್ಗಿ, ಆಮೇಲೆ ಜೊಮ್ಯಾಟೊ ಇದನ್ನು ಶುರು ಮಾಡಿದಾಗ ಒಂದು ಆರ್ಡರಿಗೆ ಬರೀ 2 ರೂಪಾಯಿ ಇತ್ತು. ಎರಡೇ ವರ್ಷದಲ್ಲಿ ಅದು 10 ದಾಟಿತು. ಆರ್ಡರ್ ಸಣ್ಣದಿರಲಿ, ದೊಡ್ಡದಿರಲಿ, ಶುಲ್ಕ ಒಂದೇ. ಹಾಗಾಗಿ ಒಂದು ಪ್ಲೇಟ್ ಇಡ್ಲಿ ತರಿಸುವವರಿಗೆ ಅದು ಚುಚ್ಚುತ್ತದೆ, ಮನೆಮಂದಿಗೆಲ್ಲ ಬಿರಿಯಾನಿ ತರಿಸುವವರ ಗಮನಕ್ಕೇ ಬರುವುದಿಲ್ಲ.

ಆದರೆ ಈ 132 ರೂಪಾಯಿಯನ್ನು ಬಿಡಿಸಿ ನೋಡಿದರೆ ಅತಿ ದೊಡ್ಡ ತುಂಡು ಬೇರೆಯೇ. ಡೆಲಿವರಿಗೆ ತೆರಿಗೆ ಸೇರಿ ಹೋದದ್ದು 35, ಮಳೆಗೆ 24, ಪ್ಲಾಟ್‌ಫಾರ್ಮಿಗೆ 14. ದೋಸೆಯ ಬೆಲೆಯಲ್ಲೇ ಏರಿದ್ದು 48. ಅದಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲೇ ಇಲ್ಲ. ದರ್ಶಿನಿಯ ಬೋರ್ಡು ನೋಡದವರಿಗೆ ಅದು ತಿಳಿಯುವುದೂ ಇಲ್ಲ.

ಹಾಗಾದರೆ ಹೋಟೆಲಿನವರು ದೋಚುತ್ತಿದ್ದಾರೆಯೇ? ಅವರ ಪುಸ್ತಕ ತೆರೆದರೆ ಕಥೆ ಬೇರೆ. ಆ್ಯಪ್ ಶೇ 25 ಕಮಿಷನ್ ಹಿಡಿಯುತ್ತದೆ ಎಂದುಕೊಳ್ಳೋಣ. 104ರಲ್ಲಿ 26 ಹೋಯಿತು. ಆ ಕಮಿಷನ್ ಮೇಲೆ ಶೇ 18ರ ಜಿಎಸ್‌ಟಿಯನ್ನೂ ಹೋಟೆಲೇ ಕಟ್ಟಬೇಕು. ಶೇ 5ರ ದರದಲ್ಲಿರುವ ಹೋಟೆಲಿಗೆ ಅದನ್ನು ವಾಪಸ್ ಪಡೆಯುವ ಅವಕಾಶವಿಲ್ಲ. ಕೊನೆಗೆ ಕೈಗೆ ಬರುವುದು 73 ರೂಪಾಯಿ. ಗಲ್ಲಾದಲ್ಲಿ 80ಕ್ಕೆ ಮಾರಿದ ದೋಸೆಯಲ್ಲಿ ತೆರಿಗೆ ಕಳೆದು ಉಳಿಯುವುದು 76. ಅಂದರೆ 24 ರೂಪಾಯಿ ಏರಿಸಿದ ಮೇಲೂ ಹೋಟೆಲಿನವರಿಗೆ ಮೂರು ರೂಪಾಯಿ ಕಮ್ಮಿಯೇ.

ರಿಯಾಯಿತಿಯ ಕೂಪನ್ನನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಬೇಕು. ‘ನೀವು 40 ರೂಪಾಯಿ ಉಳಿಸಿದಿರಿ’ ಎಂದು ಪರದೆ ಹೊಳೆಯುತ್ತದೆ. 208ರಲ್ಲಿ 40 ಕಳೆದರೆ 168. ಗಲ್ಲಾದ ಬೆಲೆ 160. ಉಳಿಯಿತು ಎಂದು ಖುಷಿಪಟ್ಟದ್ದು, ಮೊದಲೇ ಏರಿಸಿದ್ದರಲ್ಲಿ ಒಂದು ಪಾಲು ವಾಪಸ್ ಬಂದದ್ದಷ್ಟೆ.

ಇನ್ನು ಮಳೆ, ರಾತ್ರಿ, ಜನದಟ್ಟಣೆಯ ಶುಲ್ಕ. ಡೆಲಿವರಿ ಹುಡುಗರು ಕಮ್ಮಿ, ಆರ್ಡರ್ ಹೆಚ್ಚು ಎಂಬ ಹೊತ್ತಿನಲ್ಲಿ ಇದು ತಲೆಯೆತ್ತುತ್ತದೆ. ಹಣ ಕೊಟ್ಟು ಸದಸ್ಯತ್ವ ಪಡೆದು ‘ಉಚಿತ ಡೆಲಿವರಿ’ ಗಿಟ್ಟಿಸಿಕೊಂಡವರಿಗೂ 2025ರ ಮೇ ತಿಂಗಳಿಂದ ಮಳೆ ಶುಲ್ಕದಿಂದ ವಿನಾಯಿತಿ ತಪ್ಪಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಆ್ಯಪ್ ಮೂಲಕ ನಡೆಯುವ ಡೆಲಿವರಿ ಸೇವೆಗೆ ಶೇ 18ರ ಜಿಎಸ್‌ಟಿ ಅನ್ವಯವಾಯಿತು. ಮಳೆ ನಿಂತ ಮೇಲೆ ಇನ್ನೊಮ್ಮೆ ಬಿಲ್ ತೆರೆದು ನೋಡಿದರೆ ನಮ್ಮ ಲೆಕ್ಕದಲ್ಲಿ 24 ರೂಪಾಯಿ ಇಳಿದಿರುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ಹಣ ಕೊಡುವ ಮುನ್ನ ಬಿಲ್ಲಿನಲ್ಲಿ ತೆರಿಗೆ ಮತ್ತು ಶುಲ್ಕಗಳ ಸಾಲನ್ನು ಒತ್ತಿದರೆ ಅದು ಬಿಚ್ಚಿಕೊಳ್ಳುತ್ತದೆ. ಡಬ್ಬಿಯ ದುಡ್ಡು ಇಡೀ ಆರ್ಡರಿಗೋ, ಒಂದೊಂದು ತಿಂಡಿಗೋ ಎಂಬುದನ್ನು ಅಲ್ಲಿ ನೋಡಬೇಕು. ಅದನ್ನು ನಿಗದಿ ಮಾಡುವುದು ಹೋಟೆಲು, ಆ್ಯಪ್ ಅಲ್ಲ. ಆಮೇಲೆ ಹೋಟೆಲಿಗೆ ಒಂದು ಫೋನು: ‘ಎರಡು ಮಸಾಲೆ ಪಾರ್ಸೆಲ್‌ಗೆ ಎಷ್ಟಾಗುತ್ತೆ?’ ಹೋಲಿಸಬೇಕಾದದ್ದು ಕೂತು ತಿನ್ನುವ ಬೆಲೆಯನ್ನಲ್ಲ, ಪಾರ್ಸೆಲ್ ಬೆಲೆಯನ್ನು.

ಮೂರು ಕಿಲೋಮೀಟರ್ ದೂರ, ಸುರಿವ ಮಳೆ, ಮನೆಯಲ್ಲಿ ಜ್ವರದ ಮಗು ಎಂದಿದ್ದರೆ 132 ರೂಪಾಯಿ ದುಬಾರಿಯೇನಲ್ಲ. ದರ್ಶಿನಿ ಮುಂದಿನ ತಿರುವಿನಲ್ಲೇ ಇದ್ದರೆ ಆ ದುಡ್ಡಿಗೆ ಇನ್ನೊಂದು ಮಸಾಲೆ, ಜೊತೆಗೆ ಕಾಫಿಯೂ ಬರುತ್ತದೆ.