ಬ್ಯಾಟರಿಯ ಮೇಲಿನ ಸಣ್ಣ ಅಕ್ಷರ

ಮದುವೆ ಫೋಟೊ ತೆಗೆಯುವ ನನ್ನ ತಮ್ಮ ದೆಹಲಿಗೆ ಹೊರಡುವ ಹಿಂದಿನ ರಾತ್ರಿ ಬ್ಯಾಗಿನ ಸಾಮಾನೆಲ್ಲ ಚಾಪೆ ಮೇಲೆ ಹರವಿದ. ಲ್ಯಾಪ್‌ಟಾಪ್, ಕ್ಯಾಮೆರಾ, ಡ್ರೋನ್, ಪವರ್ ಬ್ಯಾಂಕ್, ಚಾರ್ಜರುಗಳು. ಬರೀ ವೈರು, ಅಡಾಪ್ಟರ್ ಇರುವ ಚಾರ್ಜರ್ ಎಲ್ಲಿಟ್ಟರೂ ನಡೆಯುತ್ತದೆ. ಎಚ್ಚರ ಬೇಕಾದದ್ದು ಲಿಥಿಯಂ ಬ್ಯಾಟರಿಗೆ.

ಏರ್‌ಲೈನ್‌ಗಳು ಬ್ಯಾಟರಿಯನ್ನು ಅಳೆಯುವುದು ವ್ಯಾಟ್ ಅವರ್ ಲೆಕ್ಕದಲ್ಲಿ. 100ರವರೆಗೆ ಅನುಮತಿ ಕೇಳಬೇಕಿಲ್ಲ. 100ರಿಂದ 160ರವರೆಗಿನದಕ್ಕೆ ಏರ್‌ಲೈನ್ ಒಪ್ಪಿಗೆ ಬೇಕು, ಬಿಡಿ ಬ್ಯಾಟರಿಯಾದರೆ ಎರಡೇ. ಕೆಲವು ಕಂಪನಿಗಳು ಅಂಥ ಪವರ್ ಬ್ಯಾಂಕನ್ನು ಒಪ್ಪುವುದೇ ಇಲ್ಲ. 160 ದಾಟಿದರೆ ಪ್ರಯಾಣಿಕರ ಬ್ಯಾಗಿನಲ್ಲಿ ಜಾಗವಿಲ್ಲ.

ತಮ್ಮನ ಡ್ರೋನ್ ಬ್ಯಾಟರಿಯ ಮೇಲೆ 77 ಎಂದು ಅಚ್ಚಾಗಿತ್ತು, ಚಿಂತೆಯಿಲ್ಲ. ಪವರ್ ಬ್ಯಾಂಕ್ ಮೇಲಿದ್ದದ್ದು 30,000 ಮಿಲಿ ಆಂಪಿಯರ್ ಅವರ್ ಮಾತ್ರ. ಅದನ್ನು ಸಾವಿರದಿಂದ ಭಾಗಿಸಿ ಒಳಗಿನ ಸೆಲ್ಲಿನ 3.7 ವೋಲ್ಟ್‌ನಿಂದ ಗುಣಿಸಿದರೆ 111. ಯುಎಸ್‌ಬಿಯಿಂದ ಹೊರಬರುವ 5 ವೋಲ್ಟ್ ಹಿಡಿದರೆ ಲೆಕ್ಕ ತಪ್ಪುತ್ತದೆ. ಅವನು ಒಪ್ಪಿಗೆ ಪಡೆದಿರಲಿಲ್ಲ, ಅದನ್ನು ಮನೆಯಲ್ಲೇ ಬಿಟ್ಟ. 20,000ದ್ದಾದರೆ 74 ಆಗುತ್ತದೆ, ಧಾರಾಳವಾಗಿ ಒಯ್ಯಬಹುದು. ಅಕ್ಷರ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತಡೆಯಬಹುದು.

ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗಿಗೆ ಹೋಗಲೇಬಾರದು. ಕೆಟ್ಟ ಸೆಲ್ಲೊಂದು ಕಾಯತೊಡಗಿದರೆ ಆ ಬಿಸಿ ಪಕ್ಕದ ಸೆಲ್ಲಿಗೂ ಹತ್ತುತ್ತದೆ. ಸರಕು ಕೋಣೆಯ ಅಗ್ನಿಶಾಮಕ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಸೆಲ್ಲಿನೊಳಗಿನ ಕಾವನ್ನಲ್ಲ. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಹುದು. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನದ ತಲೆ ಮೇಲಿನ ಬಿನ್‌ನಲ್ಲಿ ಬೆಂಕಿ ಕಾಣಿಸಿತು. ಪವರ್ ಬ್ಯಾಂಕ್ ಕಾರಣವಿರಬಹುದೆಂದು ತನಿಖಾಧಿಕಾರಿಗಳು ಹೇಳಿದರು. ಆಮೇಲೆ ಅಲ್ಲಿ ಪವರ್ ಬ್ಯಾಂಕನ್ನು ಬಿನ್‌ನಲ್ಲಿಡದೆ ಕೈಗೆಟುಕುವಲ್ಲೇ ಇಟ್ಟುಕೊಳ್ಳಬೇಕೆಂಬ ನಿಯಮ ಬಂತು. ಇದು ನನಗೆ ತೀರಾ ಸರಿಯೆನಿಸುತ್ತದೆ.

ಡ್ರೋನ್ ದೇಹದ ವಿಷಯದಲ್ಲಿ ಏರ್‌ಲೈನ್‌ಗಳ ನಿಯಮ ಒಂದೇ ತೆರನಲ್ಲ, ಕೆಲವು ಕ್ಯಾಬಿನ್‌ಗೆ ಬಿಡುವುದಿಲ್ಲ. ಮೊದಲೇ ಕೇಳಿ, ಚೆಕ್‌ಇನ್ ಮಾಡಬೇಕಾದರೆ ಬ್ಯಾಟರಿ ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ. ಲೋಹದ ತುದಿಗೆ ಟೇಪು ಅಂಟಿಸಿ ಒಂದೊಂದನ್ನೂ ಬೇರೆ ಚೀಲದಲ್ಲಿಡಿ. ಬೀಗದ ಕೈ, ನಾಣ್ಯ ತಗುಲಿದರೂ ಶಾರ್ಟ್ ಆಗುತ್ತದೆ.

ತಪಾಸಣೆಯ ಟ್ರೇಯಲ್ಲಿ ಲ್ಯಾಪ್‌ಟಾಪನ್ನು ಬೇರೆ ಇಡಿಸುವುದಕ್ಕೂ ಕಾರಣವಿದೆ. ಹಳೆ ಎಕ್ಸ್‌ರೇ ಚಿತ್ರದಲ್ಲಿ ಅದರ ಬ್ಯಾಟರಿ, ಬೋರ್ಡು ಗಾಢ ಹಲಗೆಯಂತೆ ಕಂಡು ಅಡಿಯ ವಸ್ತುಗಳನ್ನು ಮುಚ್ಚುತ್ತವೆ. ಸುತ್ತಲಿಂದ ಚಿತ್ರ ತೆಗೆಯುವ ಸಿಟಿ ಯಂತ್ರವಿರುವಲ್ಲಿ ಸಾಮಾನ್ಯವಾಗಿ ಹೊರತೆಗೆಯಬೇಕಿಲ್ಲ.

ಬಹಳ ಜನ ಎಡವುವುದು ಕೊನೆಗೆ, ಗೇಟಿನಲ್ಲಿ. ಬಿನ್ ತುಂಬಿತೆಂದು ಸಿಬ್ಬಂದಿ ತಮ್ಮನ ಕ್ಯಾಬಿನ್ ಬ್ಯಾಗಿಗೂ ಚೀಟಿ ಕಟ್ಟಿ ಕೆಳಗಿನ ಸರಕಿಗೆ ಕಳಿಸಲು ಹೊರಟರು. ಅವನು ‘ಒಂದು ನಿಮಿಷ ಸರ್’ ಎಂದು ಜಿಪ್ ತೆರೆದು, ಬ್ಯಾಟರಿಗಳನ್ನೆಲ್ಲ ಒಟ್ಟಿಗಿಟ್ಟಿದ್ದ ಪೌಚನ್ನು ಎತ್ತಿಕೊಂಡು ವಿಮಾನ ಹತ್ತಿದ.